ಹನ್ನೊಂದು ತಿಂಗಳ ಕರಾರು, ಹನ್ನೆರಡು ವರ್ಷದ ದುಡಿಮೆ: ಕಾಯಂ ಕೇಳಬಹುದೇ?

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಸರ್ಕಾರಿ ನಿಗಮದಲ್ಲಿ 2013ರ ಜೂನ್‌ನಿಂದ ಡಾಟಾ ಎಂಟ್ರಿ ಆಪರೇಟರ್ ಆಗಿದ್ದೇನೆ. ಪೇಪರ್‌ನಲ್ಲಿ ಪ್ರಕಟಣೆ ನೋಡಿ ಅರ್ಜಿ ಹಾಕಿ, ಟೈಪಿಂಗ್ ಪರೀಕ್ಷೆ, ಸಂದರ್ಶನ ಮುಗಿಸಿ ಸೇರಿದ್ದು. ಪ್ರತಿ 11 ತಿಂಗಳಿಗೊಮ್ಮೆ ಕರಾರು ಬರೆಸಿಕೊಳ್ಳುತ್ತಾರೆ, ನಡುವೆ ಎರಡು ದಿನ ಬ್ರೇಕ್. ಆ ಎರಡು ದಿನವೂ ಕೆಲಸಕ್ಕೆ ಬರುತ್ತೇವೆ, ಸಹಿ ಮಾತ್ರ ಹಾಕಿಸಲ್ಲ. ಈಗ 14ನೇ ಕರಾರು ನಡೆಯುತ್ತಿದೆ. ಇದು ಮುಗಿದ ಮೇಲೆ ರಾಜೀನಾಮೆ ಕೊಟ್ಟು ಹೊರಗುತ್ತಿಗೆ ಏಜೆನ್ಸಿಗೆ ಸೇರಿ ಎನ್ನುತ್ತಿದ್ದಾರೆ. 240 ದಿನ ಆದವರು ಕಾಯಂ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ? ನಾನೇನು ಮಾಡಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ಮಾತು. ರಾಜೀನಾಮೆ ಪತ್ರ ಬರೆಯಬೇಡಿ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ತುರ್ತಿನ ಸಂಗತಿ ಇದೇ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದ ಒಬ್ಬ ಲ್ಯಾಬ್ ಸಹಾಯಕರು ಹದಿನಾರು ವರ್ಷ ದುಡಿದಿದ್ದರು, ಕಾಗದಗಳೆಲ್ಲ ಜೋಡಿಸಿಟ್ಟಂತಿದ್ದವು. ಆದರೆ ಏಜೆನ್ಸಿಗೆ ಬದಲಾಗುವಾಗ ಕಚೇರಿಯವರು ಟೈಪ್ ಮಾಡಿ ಕೊಟ್ಟ ನಾಲ್ಕು ಸಾಲಿನ ಪತ್ರಕ್ಕೆ ಸಹಿ ಹಾಕಿದ್ದರು: 'ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.' ಮರುದಿನ ಅದೇ ಕುರ್ಚಿ, ಅದೇ ಕೆಲಸ. ಹದಿನಾರು ವರ್ಷದ ಸೇವೆ ಆ ನಾಲ್ಕು ಸಾಲಿನಲ್ಲಿ ಮುಗಿದಿತ್ತು. ಆ ಪತ್ರ ಒತ್ತಾಯದಿಂದ ಬಂದದ್ದು ಎಂದು ಸಾಬೀತುಮಾಡಲು ನಮ್ಮಿಂದ ಆಗಲಿಲ್ಲ. ಆ ಪ್ರಕರಣ ಸೋತದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಇನ್ನು 240 ದಿನದ ಮಾತು. ಅದು ಅರ್ಧ ಸತ್ಯ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವರನ್ನು ಕಾರ್ಮಿಕ ಕಾನೂನು 'ನಿರಂತರ ಸೇವೆಯಲ್ಲಿದ್ದವರು' ಎಂದು ಎಣಿಸುತ್ತದೆ. ಅಂಥವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು, ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನದಷ್ಟು ಪರಿಹಾರ ಕೊಡಬೇಕು. ಅಂದರೆ ಏಕಾಏಕಿ ಹೊರಹಾಕುವುದಕ್ಕೆ ಅದೊಂದು ತಡೆ. ಕಾಯಂ ಮಾಡಿಕೊಡುವ ಶಕ್ತಿ ಆ ಸಂಖ್ಯೆಗೆ ಇಲ್ಲ. ಈ ನಂಬಿಕೆ ಬಹುಶಃ ಪಕ್ಕದ ತಮಿಳುನಾಡಿನಿಂದ ಹೊಸೂರು ದಾಟಿ ಬಂದದ್ದು. ಅಲ್ಲಿ 1981ರ ಕಾಯ್ದೆಯೊಂದು ಕೈಗಾರಿಕಾ ಸಂಸ್ಥೆಗಳಲ್ಲಿ 24 ತಿಂಗಳಲ್ಲಿ 480 ದಿನ ದುಡಿದವರಿಗೆ ಕಾಯಂ ಸ್ಥಾನ ಕೊಡಬೇಕು ಎನ್ನುತ್ತದೆ. ಕರ್ನಾಟಕದಲ್ಲಿ ಅಂಥ ಕಾಯ್ದೆ ಇಲ್ಲ. ಅದೂ ಅಲ್ಲದೆ, ಅವಧಿ ನಮೂದಿಸಿದ ಕರಾರು ಮುಗಿದು ಕೆಲಸ ನಿಂತರೆ ಅದು ನೋಟಿಸು, ಪರಿಹಾರ ಕೊಡಬೇಕಾದ 'ಉದ್ಯೋಗ ಕಡಿತ' ಅಲ್ಲ ಎಂಬ ವಿನಾಯಿತಿಯನ್ನು 1984ರಲ್ಲೇ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ವಿನಾಯಿತಿ ಉಳಿದಿದೆ. ನಿಮ್ಮ ನಿಗಮ ಹನ್ನೊಂದು ತಿಂಗಳೆಂದು ಬರೆಸಿಕೊಳ್ಳುವುದು ಈ ವಿನಾಯಿತಿಯ ನೆರಳಿಗಾಗಿಯೇ.

ಹಾಗಾದರೆ ನಿಮ್ಮ ಹಕ್ಕು ಎಲ್ಲಿಂದ ಹುಟ್ಟುತ್ತದೆ? ಸರ್ಕಾರಿ ಸಂಸ್ಥೆಯ ಕೆಲಸಗಾರರಿಗೆ ಈ ಪ್ರಶ್ನೆಯ ಉತ್ತರ ಶುರುವಾಗುವುದೇ ನಮ್ಮ ರಾಜ್ಯದಿಂದ ಹೋದ ಪ್ರಕರಣದಲ್ಲಿ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಎಂಬತ್ತರ ದಶಕದಿಂದ ದಿನಗೂಲಿಯಲ್ಲಿದ್ದವರು ಕಾಯಂ ಕೇಳಿ ಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಗಿ, 2006ರ ಏಪ್ರಿಲ್ 10ರಂದು 'ಉಮಾದೇವಿ ತೀರ್ಪು' ಬಂತು. ತೀರ್ಪು ಕೆಲಸಗಾರರ ವಿರುದ್ಧ. ಸಾರ್ವಜನಿಕ ಹುದ್ದೆ ಎಂದರೆ ಎಲ್ಲರಿಗೂ ಸಮಾನ ಅವಕಾಶವಿರಬೇಕು, ಪ್ರಕಟಣೆ, ಸ್ಪರ್ಧೆ, ಮೀಸಲಾತಿ ಯಾವುದೂ ಇಲ್ಲದೆ ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಅದರ ಬಲದ ಮೇಲೆ ಕಾಯಂ ಕೇಳುವಂತಿಲ್ಲ ಎಂದಿತು ಪೀಠ.

ಆದರೆ ಅದೇ ತೀರ್ಪಿನ 53ನೇ ಪ್ಯಾರಾದಲ್ಲಿ ಒಂದು ಕಿಟಕಿ ತೆರೆದಿಟ್ಟರು. ನೇಮಕ 'ಅಕ್ರಮ'ವಾಗಿದ್ದರೆ ಒಂದು ಮಾತು, ಬರೀ 'ಕ್ರಮಬದ್ಧವಲ್ಲದ್ದು' ಆಗಿದ್ದರೆ ಇನ್ನೊಂದು ಮಾತು ಎಂದರು. ಕೇಳಲು ಒಂದೇ ಎನಿಸುವ ಈ ಎರಡು ಪದಗಳ ನಡುವಿನ ಅಂತರವೇ ನಿಮ್ಮ ಪ್ರಕರಣದ ಪ್ರಾಣ. ಹುದ್ದೆಯೇ ಇಲ್ಲದ ಕಡೆ, ವಿದ್ಯಾರ್ಹತೆಯೇ ಇಲ್ಲದವರನ್ನು ತಂದು ಕೂರಿಸಿದರೆ ಅದು ಅಕ್ರಮ. ಮಂಜೂರಾದ ಹುದ್ದೆ ಖಾಲಿಯಿತ್ತು, ಬಂದವರಿಗೆ ಅರ್ಹತೆಯೂ ಇತ್ತು, ಆದರೆ ಪೂರ್ಣ ನೇಮಕಾತಿ ಪ್ರಕ್ರಿಯೆ ಆಗಲಿಲ್ಲ ಎಂದಾದರೆ ಅದು ಕ್ರಮಬದ್ಧವಲ್ಲದ್ದು, ಸರಿಪಡಿಸಬಹುದಾದದ್ದು. ಅಂಥವರು ಕೋರ್ಟಿನ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ಮುಗಿಸಿದ್ದರೆ, ಒಂದು ಬಾರಿಯ ಕ್ರಮವಾಗಿ ಸಕ್ರಮಗೊಳಿಸಿ ಎಂದಿತು ಪೀಠ. 2010ರಲ್ಲಿ, ಮತ್ತೆ ಕರ್ನಾಟಕದ್ದೇ ಆದ ಎಂ.ಎಲ್. ಕೇಸರಿ ಪ್ರಕರಣದಲ್ಲಿ, ಆ ಕ್ರಮದಿಂದ ತಪ್ಪಿಹೋದ ಅರ್ಹರನ್ನೂ ಪರಿಗಣಿಸಲೇಬೇಕು ಎಂದು ಸ್ಪಷ್ಟವಾಯಿತು.

ಇಲ್ಲಿ ನಿಮಗೊಂದು ಕಹಿ ವಿಷಯ ಹೇಳಬೇಕು. ಆ ಹತ್ತು ವರ್ಷ ಎಣಿಸುವುದು 2006ರ ಏಪ್ರಿಲ್ 10ಕ್ಕೆ ಮುಗಿದಂತೆ. ನೀವು ಸೇರಿದ್ದು 2013ರಲ್ಲಿ. ಆದ್ದರಿಂದ 53ನೇ ಪ್ಯಾರಾ ನಿಮಗೆ ಅಕ್ಷರಶಃ ಅನ್ವಯಿಸುವುದಿಲ್ಲ. ಹಳೆಯ ದಿನಗೂಲಿಗಳಿಗಾಗಿ ರಾಜ್ಯ ತಂದ 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆಯೂ ನಿಮ್ಮನ್ನು ಮುಟ್ಟುವುದಿಲ್ಲ. 'ಹತ್ತು ವರ್ಷ ಆಯಿತಲ್ಲ, ಇನ್ನೇನು' ಎಂದು ನಂಬಿ ಕೋರ್ಟಿಗೆ ಹೋದವರು ಎಡವುವುದು ಇಲ್ಲೇ.

ನಿಮ್ಮ ಬಲ ಇರುವುದು ಕಳೆದ ಎರಡು ವರ್ಷಗಳ ತೀರ್ಪುಗಳಲ್ಲಿ. 2024ರ ಡಿಸೆಂಬರ್ 20ರ ಜಗ್ಗೋ ಪ್ರಕರಣವನ್ನು ನೋಡಿ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಗುಡಿಸುವ, ತೋಟ ನೋಡಿಕೊಳ್ಳುವ ಕೆಲಸಕ್ಕೆ ತೊಂಬತ್ತರ ದಶಕದಲ್ಲಿ ಸೇರಿದ ನಾಲ್ವರು, ಕಾಯಂ ಕೇಳಿ ನ್ಯಾಯಮಂಡಳಿಯಲ್ಲಿ ಸೋತರು. ಅದರ ಬೆನ್ನಿಗೇ 2018ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅದೇ ಕೆಲಸವನ್ನು ಏಜೆನ್ಸಿಗೆ ವಹಿಸಿದರು. ಸುಪ್ರೀಂ ಕೋರ್ಟ್ ಈ ಏಜೆನ್ಸಿಯ ಸಂಗತಿಯನ್ನು ಸಂಸ್ಥೆಯ ವಿರುದ್ಧವೇ ತಿರುಗಿಸಿತು: ನೀವು ಬೇರೆಯವರನ್ನು ತಂದು ಅದೇ ಕೆಲಸ ಮಾಡಿಸುತ್ತಿದ್ದೀರಿ ಎಂದರೆ ಕೆಲಸ ಶಾಶ್ವತವಾದದ್ದು ಎಂದೇ ಅರ್ಥ. ದಶಕಗಟ್ಟಲೆ ಅಗತ್ಯ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಕೆಲಸಗಾರರ ಮೇಲೆ ಆಯುಧವಾಗಿ ಬಳಸುವುದು ಆ ತೀರ್ಪಿನ ಆಶಯವಲ್ಲ ಎಂದಿತು. ನಾಲ್ವರನ್ನೂ ಕೂಡಲೇ ಸಕ್ರಮಗೊಳಿಸಲು ಆದೇಶವಾಯಿತು. ಕೆಲಸದಿಂದ ಹೊರಗಿದ್ದ ವರ್ಷಗಳ ಸಂಬಳ ಸಿಗಲಿಲ್ಲ, ಆದರೆ ನಿವೃತ್ತಿ ಸೌಲಭ್ಯಕ್ಕೆ ಆ ಸೇವೆ ಸೇರಿತು. ಅದೇ 2024ರ ಆರಂಭದಲ್ಲಿ ಬಂದ ವಿನೋದ್ ಕುಮಾರ್ ತೀರ್ಪು ಇನ್ನೊಂದು ಮಾತು ಹೇಳಿದೆ: ನೇಮಕದ ಮೊದಲ ಕಾಗದದಲ್ಲಿ 'ತಾತ್ಕಾಲಿಕ' ಎಂದಿದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ, ಕೆಲಸ ಮುಂದೆ ಯಾವ ರೂಪ ಪಡೆಯಿತು ಎಂಬುದನ್ನು ನೋಡಬೇಕು. 2025ರ ಜನವರಿಯಲ್ಲಿ ಗಾಜಿಯಾಬಾದಿನ ತೋಟದ ಕೆಲಸಗಾರರ ಪರವಾಗಿ, ಆಗಸ್ಟಿನಲ್ಲಿ ಧರಮ್ ಸಿಂಗ್ ಪ್ರಕರಣದಲ್ಲಿ ಇದೇ ದಾರಿಯ ತೀರ್ಪುಗಳು ಬಂದವು.

ಆದರೂ ಉಮಾದೇವಿ ಐವರ ಪೀಠದ್ದು, ಇವು ಇಬ್ಬರ ಪೀಠದವು. ಉಮಾದೇವಿ ಇನ್ನೂ ಜೀವಂತವಾಗಿದೆ. ಹೈಕೋರ್ಟಿನಲ್ಲಿ ನಿಗಮದ ವಕೀಲರು ಅದನ್ನೇ ಓದುತ್ತಾರೆ, ನಾವು ಜಗ್ಗೋ ಓದುತ್ತೇವೆ. ಯಾರದ್ದು ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಕಡತದಲ್ಲಿ ಇರುವ ಕಾಗದ. ಅದಕ್ಕೆ ನಿಮ್ಮ ಕಡತವನ್ನೇ ತೆರೆದು ನೋಡೋಣ.

ನೀವು ಬಂದ ದಾರಿ ಚೆನ್ನಾಗಿದೆ. ಪ್ರಕಟಣೆ, ಪರೀಕ್ಷೆ, ಸಂದರ್ಶನ ಮೂರೂ ನಡೆದಿವೆ. ಹಿಂಬಾಗಿಲ ನೇಮಕ ಎಂದು ನಿಮ್ಮನ್ನು ಕರೆಯುವುದು ಕಷ್ಟ. ಆ ಪತ್ರಿಕೆಯ ತುಣುಕು, ಹಾಲ್ ಟಿಕೆಟ್, ಆಯ್ಕೆ ಪಟ್ಟಿ ನಿಮ್ಮ ಬಳಿ ಇಲ್ಲದಿದ್ದರೆ ಈಗಲೇ ಹುಡುಕಿ. ಹಳೆಯ ಕಡತ ನಿಗಮದಲ್ಲಿ ಎಷ್ಟು ದಿನ ಸಿಗುತ್ತದೋ ಹೇಳಲಾಗದು.

ಎರಡು ದಿನದ ಬ್ರೇಕ್ ಬಗ್ಗೆ ಹೆದರಬೇಡಿ. 13 ಕರಾರು ಮುಗಿದಿವೆ ಎಂದರೆ 13 ಬ್ರೇಕ್, ಒಟ್ಟು 26 ದಿನ. ಹನ್ನೆರಡು ವರ್ಷಕ್ಕೂ ಮೀರಿದ ಸೇವೆಯಲ್ಲಿ 26 ದಿನದ ಖಾಲಿ ಜಾಗವನ್ನು ಕೋರ್ಟುಗಳು ಕೃತಕ ವಿರಾಮ ಎಂದೇ ಸಾಮಾನ್ಯವಾಗಿ ಕಾಣುತ್ತವೆ. ನೀವು ಆ ದಿನಗಳಲ್ಲೂ ಕೂತು ಎಂಟ್ರಿ ಮಾಡಿದ್ದೀರಿ ಎಂಬುದಂತೂ ಚಿನ್ನದಂಥ ಸಂಗತಿ. ಹಾಜರಿ ಪುಸ್ತಕದಲ್ಲಿ ಸಹಿ ಇಲ್ಲದಿದ್ದರೇನು, ನಿಮ್ಮ ಲಾಗಿನ್ ಹೆಸರಿನಲ್ಲಿ ಆ ದಿನಾಂಕದ ಎಂಟ್ರಿಗಳು ಇರುತ್ತವೆ. ನೀವು ತಯಾರಿಸಿದ ಟಿಪ್ಪಣಿ, ಕಳಿಸಿದ ಕಚೇರಿ ಇಮೇಲ್, ಮೇಲಧಿಕಾರಿ ಆ ದಿನ ಕೆಲಸ ಹಚ್ಚಿದ ವಾಟ್ಸಾಪ್ ಸಂದೇಶ ಇದ್ದೀತು. ಒಂದು ಬಿಳಿ ಹಾಳೆಯಲ್ಲಿ ಮೂರು ಕಾಲಂ ಹಾಕಿ, ಕರಾರು ಶುರು, ಕರಾರು ಮುಗಿದದ್ದು, ಬ್ರೇಕ್ ದಿನ ಏನು ಮಾಡಿದೆ ಎಂದು ಹದಿನಾಲ್ಕೂ ಸಾಲು ಬರೆಯಿರಿ. ನನ್ನ ಅನುಭವದಲ್ಲಿ ವಾದದ ದಿನ ನ್ಯಾಯಮೂರ್ತಿಗಳು ಇಪ್ಪತ್ತು ಪುಟದ ಅರ್ಜಿಗಿಂತ ಈ ಒಂದು ಹಾಳೆಯನ್ನು ಹೆಚ್ಚು ಹೊತ್ತು ನೋಡುತ್ತಾರೆ.

ನಿಮ್ಮ ಕಡತದಲ್ಲಿ ಕಾಣದಿರುವುದು ಹುದ್ದೆ. ನೀವು ದುಡಿಯುತ್ತಿರುವುದು ಮಂಜೂರಾದ ಹುದ್ದೆಯ ಎದುರೋ, ಅಲ್ಲವೋ? ಅಥವಾ ಯಾವುದೋ ಯೋಜನೆಯ ಹಣದಲ್ಲಿ ನಿಮ್ಮ ಸಂಬಳ ಬರುತ್ತಿದೆಯೇ? ಯೋಜನೆಯ ಹುದ್ದೆಯಾದರೆ ಯೋಜನೆಯೊಂದಿಗೇ ಅದು ಮುಗಿಯುತ್ತದೆ ಎಂಬ ವಾದಕ್ಕೆ ಉತ್ತರಿಸುವುದು ಬಹಳ ಕಷ್ಟ. ಇದನ್ನು ತಿಳಿಯುವ ದಾರಿ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಲ್ಲವನ್ನೂ ಒಂದರಲ್ಲೇ ತುಂಬಿಸಿದರೆ ಅದೇ ನೆಪ ಹೇಳಿ ವಾಪಸು ಕಳಿಸುತ್ತಾರೆ. ಆದ್ದರಿಂದ ಮೂರು ಅರ್ಜಿ ಹಾಕಿ. ಒಂದರಲ್ಲಿ 2013ರಿಂದ ಪ್ರತಿ ವರ್ಷ ಮಾರ್ಚ್ 31ಕ್ಕೆ ಡಾಟಾ ಎಂಟ್ರಿ ಆಪರೇಟರ್ ಮತ್ತು ಅದಕ್ಕೆ ಸಮಾನವಾದ ಗುಮಾಸ್ತ ವೃಂದದಲ್ಲಿ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳೆಷ್ಟು ಎಂದು ಕೇಳಿ. ಇನ್ನೊಂದರಲ್ಲಿ ನಿಗಮದ ವೃಂದ ಮತ್ತು ನೇಮಕಾತಿ ನಿಯಮಗಳ ಪ್ರತಿ ಕೇಳಿ, ಸೇರಿದ ದಿನ ನಿಮಗೆ ಆ ವಿದ್ಯಾರ್ಹತೆ ಇತ್ತೆಂದು ಅದರಿಂದ ಗೊತ್ತಾಗಬೇಕು. ಮೂರನೆಯದರಲ್ಲಿ 2013ರ ಪ್ರಕಟಣೆ ಮತ್ತು ಆಯ್ಕೆ ಪಟ್ಟಿ.

ಗುಮಾಸ್ತ ವೃಂದ ಎಂದು ಸೇರಿಸಲು ಕಾರಣವಿದೆ. ಕೆಲವು ಕಚೇರಿಗಳಲ್ಲಿ 'ಡಾಟಾ ಎಂಟ್ರಿ ಆಪರೇಟರ್' ಎಂಬ ಹುದ್ದೆಯೇ ನಿಯಮದಲ್ಲಿ ಇರುವುದಿಲ್ಲ, ಆದರೆ ದ್ವಿತೀಯ ದರ್ಜೆ ಸಹಾಯಕರ ಹತ್ತಾರು ಹುದ್ದೆ ಖಾಲಿ ಬಿದ್ದಿರುತ್ತವೆ, ಅವರು ಮಾಡಬೇಕಾದ ಕೆಲಸವನ್ನೇ ನೀವು ಮಾಡುತ್ತಿರುತ್ತೀರಿ. ಕಚೇರಿ ಆದೇಶಗಳಲ್ಲಿ ನಿಮಗೆ ಹಂಚಿದ ಕೆಲಸದ ಪಟ್ಟಿ ಇದ್ದರೆ ಇದನ್ನು ತೋರಿಸಬಹುದು.

ಇದರ ಜೊತೆಗೇ ಬರುವ ಇನ್ನೊಂದು ಹಕ್ಕನ್ನು ಬಹಳ ಜನ ಮರೆಯುತ್ತಾರೆ. ಕಾಯಂ ಆಗದಿದ್ದರೂ, ಕಾಯಂ ನೌಕರನ ಕೆಲಸವನ್ನೇ ಮಾಡುತ್ತಿರುವವರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಮಟ್ಟ ಸಿಗಬೇಕು ಎಂದು 2016ರಲ್ಲಿ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕಿಂತ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸುತ್ತಾರೆ. ನಿಮ್ಮ ಸಂಬಳಕ್ಕೂ ಆ ಕನಿಷ್ಠ ಮಟ್ಟಕ್ಕೂ ತಿಂಗಳಿಗೆ ಹತ್ತು ಸಾವಿರ ವ್ಯತ್ಯಾಸ ಎಂದಿಟ್ಟುಕೊಳ್ಳಿ, 36 ತಿಂಗಳಿಗೆ 3,60,000 ರೂಪಾಯಿ. ತಡಮಾಡಿದ ಒಂದೊಂದು ತಿಂಗಳೂ ಹಿಂದಿನ ಒಂದು ತಿಂಗಳು ಕೈತಪ್ಪುತ್ತದೆ. ಕಾಯಂ ಬೇಡಿಕೆ ಸೋತರೂ ಈ ಬೇಡಿಕೆ ನಿಲ್ಲಬಹುದು, ಹಾಗಾಗಿ ಎರಡನ್ನೂ ಒಂದೇ ಅರ್ಜಿಯಲ್ಲಿ, ಆದರೆ ಬೇರೆ ಬೇರೆ ಕೋರಿಕೆಯಾಗಿ ಕೇಳಿ.

ಈಗ ಏಜೆನ್ಸಿಯ ಮಾತು. ಒಬ್ಬ ತಾತ್ಕಾಲಿಕ ನೌಕರನನ್ನು ತೆಗೆದು ಇನ್ನೊಬ್ಬ ತಾತ್ಕಾಲಿಕನನ್ನು ಕೂರಿಸಬಾರದು, ನಿಯಮದಂತೆ ಆಯ್ಕೆಯಾದವರು ಬಂದರೆ ಮಾತ್ರ ಜಾಗ ಬಿಡಬೇಕು ಎಂಬುದು 1992ರ ಪಿಯಾರಾ ಸಿಂಗ್ ತೀರ್ಪಿನಿಂದ ನಡೆದುಬಂದ ತತ್ವ. ಹೊರಗುತ್ತಿಗೆ ಬಂದ ಮೇಲೆ ನಿಮ್ಮ ಮಾಲೀಕ ಯಾರು ಎಂಬುದೇ ವಿವಾದವಾಗುತ್ತದೆ. ಏಜೆನ್ಸಿ ಹೆಸರಿನಲ್ಲಿ ಪಿಎಫ್ ಕಟ್ಟಲು ಶುರುವಾದರೆ, ನಿಗಮಕ್ಕೂ ನಿಮಗೂ ನೇರ ಸಂಬಂಧವಿಲ್ಲ ಎನ್ನುತ್ತಾರೆ. ಆಗ ಆ ಗುತ್ತಿಗೆಯೇ ಬರೀ ತೋರಿಕೆಯದ್ದು ಎಂದು ಕಾರ್ಮಿಕ ನ್ಯಾಯಾಲಯದಲ್ಲಿ ಸಾಕ್ಷ್ಯ ಕೊಟ್ಟು ಸಾಬೀತುಮಾಡಬೇಕು. ಅದು ವರ್ಷಗಳ ಕೆಲಸ. ಅದಕ್ಕೇ ಕರಾರು ಮುಗಿಯುವ ಮುನ್ನವೇ ಹೆಜ್ಜೆ ಇಡಿ. ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯದೆ ಈ ವಾರವೇ ವ್ಯವಸ್ಥಾಪಕ ನಿರ್ದೇಶಕರಿಗೆ ಒಂದು ಮನವಿ ಕೊಡಿ: ಸೇವೆಯ ವಿವರ, ಸಕ್ರಮದ ಕೋರಿಕೆ, ಸಮಾನ ವೇತನ, ಹೊರಗುತ್ತಿಗೆಗೆ ವರ್ಗಾಯಿಸಬಾರದು ಎಂಬ ಆಕ್ಷೇಪ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ನಿಗಮದವರು ನಿಮಗೆ ಲಿಖಿತ ಉತ್ತರವಾಗಿ ಹಿಂಬರಹ ಕೊಡಬಹುದು, ಸುಮ್ಮನಿರಬಹುದು. ಎರಡೂ ಸಂದರ್ಭದಲ್ಲಿ ಮುಂದಿನ ಬಾಗಿಲು ವಿಧಾನಸೌಧದ ಎದುರಿನ ಹೈಕೋರ್ಟಿನದು, ರಿಟ್ ಅರ್ಜಿ. (ಇಲಾಖೆಯ ನೌಕರರಾಗಿದ್ದರೆ ಮೊದಲು ರಾಜ್ಯ ಆಡಳಿತ ನ್ಯಾಯಮಂಡಳಿ. ನೀವು ನಿಗಮದವರು.) ಬಹುಸಾರಿ ಮೊದಲ ಸುತ್ತಿನಲ್ಲಿ ಸಿಗುವುದು 'ಮನವಿಯನ್ನು ಇಂತಿಷ್ಟು ತಿಂಗಳಲ್ಲಿ ಪರಿಗಣಿಸಿ' ಎಂಬ ಆದೇಶ ಮಾತ್ರ. ಆಮೇಲೆ ನಿಗಮ 'ನಿಯಮದಲ್ಲಿ ಅವಕಾಶವಿಲ್ಲ' ಎಂದು ಹಿಂಬರಹ ಕೊಟ್ಟು ತಿರಸ್ಕರಿಸುತ್ತದೆ. ಗೆದ್ದೆವೆಂದು ಸಿಹಿ ಹಂಚಿದವರು ಅಲ್ಲಿ ಕುಸಿದು ಕೂರುತ್ತಾರೆ. ಕುಸಿಯಬೇಡಿ. ನಿಜವಾದ ಪ್ರಕರಣ ಶುರುವಾಗುವುದೇ ಆ ಹಿಂಬರಹವನ್ನು ಪ್ರಶ್ನಿಸಿದಾಗ. ಮಂಜೂರಾದ ಹುದ್ದೆಯ ದಾಖಲೆ ಅಷ್ಟರಲ್ಲಿ ನಿಮ್ಮ ಕೈಯಲ್ಲಿರಬೇಕು. ಮೊದಲ ಅರ್ಜಿಯಲ್ಲೇ ಏಜೆನ್ಸಿಗೆ ಬದಲಿಸದಂತೆ ಮಧ್ಯಂತರ ಆದೇಶ ಕೇಳಿ. ತಡೆಯಾಜ್ಞೆಯ ಬಲದಲ್ಲಿ ಕಳೆದ ಸೇವೆ ಹತ್ತು ವರ್ಷದ ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಯಮ ನಿಮಗೆ ತೊಡಕಲ್ಲ, ಏಕೆಂದರೆ 2023ರ ಜೂನಿಗೇ ಯಾವ ಕೋರ್ಟಿನ ಆಸರೆಯೂ ಇಲ್ಲದೆ ನೀವು ಹತ್ತು ವರ್ಷ ದಾಟಿದ್ದೀರಿ.

ಕಾರ್ಮಿಕ ನ್ಯಾಯಾಲಯದ ದಾರಿಯೂ ಇದೆ. ಕಾಯಂ ಸ್ಥಾನ ತಪ್ಪಿಸುವ ಉದ್ದೇಶದಿಂದಲೇ ಕೆಲಸಗಾರರನ್ನು ವರ್ಷಗಟ್ಟಲೆ ಬದಲಿ, ತಾತ್ಕಾಲಿಕ ಎಂದು ಇಟ್ಟುಕೊಳ್ಳುವುದನ್ನು ಹಳೆಯ ಕಾಯ್ದೆಯ ಐದನೇ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎಂದಿತ್ತು, ಹೊಸ ಸಂಹಿತೆಯ ಎರಡನೇ ಅನುಸೂಚಿಯೂ ಹಾಗೆಯೇ ಎನ್ನುತ್ತದೆ. ಪೀಣ್ಯ, ಬೊಮ್ಮಸಂದ್ರದ ಖಾಸಗಿ ಕಾರ್ಖಾನೆಯವರಿಗೆ ಇದೇ ಮುಖ್ಯ ದಾರಿ, ಏಕೆಂದರೆ ಅವರಿಗೆ ಉಮಾದೇವಿಯ ಸಮಾನ ಅವಕಾಶದ ತಡೆ ಇಲ್ಲ. ಆದರೆ 'ಉದ್ದೇಶ' ಸಾಬೀತಾಗಬೇಕು, ಅದಕ್ಕೆ ಸಾಕ್ಷಿಗಳ ವಿಚಾರಣೆ ಬೇಕು. ನಿಮ್ಮ ವಿಷಯದಲ್ಲಿ ಸಂಗತಿಗಳೆಲ್ಲ ಕಾಗದದ ಮೇಲೇ ಇರುವುದರಿಂದ ಹೈಕೋರ್ಟೇ ಸೂಕ್ತ ಎನ್ನುವುದು ನನ್ನ ಅಭಿಪ್ರಾಯ.

ಸಂಘ ಕಟ್ಟಿಕೊಂಡು ಸರ್ಕಾರದ ಮುಂದೆ ಹೋಗುವುದನ್ನೂ ಬಿಡಬೇಡಿ. ಬೆಂಗಳೂರಿನ ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಕೂತರು, 2025ರ ಮೇ ತಿಂಗಳಲ್ಲಿ ಸಾವಿರಾರು ಮಂದಿ ಕಾಯಂ ನೇಮಕದ ಪತ್ರ ಪಡೆದರು. ನಿಮ್ಮ ನಿಗಮದಲ್ಲೂ ನಿಮ್ಮಂಥವರು ಎಷ್ಟಿದ್ದಾರೆ ಎಂದು ಎಣಿಸಿ. 2013ರ ಅದೇ ಪಟ್ಟಿಯಿಂದ ಬಂದವರೆಲ್ಲ ಒಟ್ಟಾಗಿ ಅರ್ಜಿ ಹಾಕಿದರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬರನ್ನೇ ಗುರಿಮಾಡಿ ತೆಗೆಯುವುದೂ ಕಷ್ಟವಾಗುತ್ತದೆ.

ಕೊನೆಗೆ, ಅವರು ಮನಸ್ಸು ಬದಲಿಸಿ 15ನೇ ಕರಾರು ಮುಂದಿಟ್ಟರೆ, ಅದರಲ್ಲಿ 'ಕಾಯಂ ಕೇಳುವುದಿಲ್ಲ' ಎಂಬ ಸಾಲು ಹಿಂದಿನವುಗಳಂತೆ ಇದ್ದೇ ಇರುತ್ತದೆ. ಹೆದರದೆ ಸಹಿ ಹಾಕಿ. ಕೆಲಸ ಕಳೆದುಕೊಳ್ಳುವ ಭಯದಲ್ಲಿ ಹಾಕಿದ ಆ ಸಾಲಿನಿಂದಲೇ ಬೇಡಿಕೆ ಸಾಯುವುದಿಲ್ಲ. ಸಹಿಗೆ ಮುನ್ನ ಎಲ್ಲ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಏಜೆನ್ಸಿಯ ಫಾರಂ ಮುಂದಿಟ್ಟರೆ ಮಾತ್ರ ಅಂದೇ, ಅಲ್ಲಿಂದಲೇ, 'ಇದಕ್ಕೆ ನನ್ನ ಒಪ್ಪಿಗೆ ಇಲ್ಲ, ನನ್ನ ಮನವಿ ಬಾಕಿ ಇದೆ' ಎಂದು ಒಂದು ಇಮೇಲ್ ಕಳಿಸಿ.